ಸ್ವಾಗತದ ಮೊದಲ ಅಕ್ಷರ

ಹಿರೇಕೆರೂರಿನ ಬೀಜದ ಕಂಪನಿಯೊಂದಕ್ಕೆ ತೈವಾನಿನಿಂದ ಖರೀದಿದಾರ ಮಹಿಳೆಯೊಬ್ಬರು ಬರುವವರಿದ್ದರು. ದುಭಾಷಿಯಾಗಿದ್ದ ನಾನು ಬ್ಯಾನರಿಗೆಂದು 歡迎, ಅಂದರೆ ಸ್ವಾಗತ, ಎಂದು ಬರೆದುಕೊಟ್ಟಿದ್ದೆ. ತೈವಾನಿನವರು ಬಳಸುವುದು ಈ ಹಳೆಯ, ಪೂರ್ಣ ರೂಪದ ಲಿಪಿಯನ್ನೇ. ಅವರು ಬರುವ ದಿನ ಗೇಟಿನಲ್ಲಿ ನೋಡಿದರೆ 欢迎 ಎಂದು ತೂಗುತ್ತಿತ್ತು. ಎರಡನೆಯ ಅಕ್ಷರ ಅದೇ. ಮೊದಲನೆಯದು ಮಾತ್ರ ಚೀನಾದಲ್ಲಿ ಬಳಸುವ ಸರಳ ರೂಪ.

“ಯಾರು ಬದಲಿಸಿದ್ರಿ ಇದನ್ನ?” ಎಂದೆ.

“ನಾನರಿ,” ಎಂದರು ಮ್ಯಾನೇಜರ್. “ಮೊಬೈಲಿನ್ಯಾಗ ಹಿಂಗ ಬಂತು. ನಿಮ್ಮದು ಭಾಳ ಗಿಜಿಗಿಜಿ ಇತ್ತು. ಎಲ್ಲಾ ಚೀನಿ ಭಾಷಾನ ಅಲ್ಲೇನ್ರಿ?”

“ಬರೋರು ಎಲ್ಲಿಯವರು ಅಂತ ನೋಡೋದು ಬ್ಯಾಡೇನ್ರಿ? ಹಂಗಾದ್ರ ನನ್ನ ಯಾಕ ಕರಸಿದ್ರಿ?”

ಮೈಯೆಲ್ಲ ಉರಿಯಿತು. ಇನ್ನೊಂದು ಮಾಡಿಸಲು ಹೊತ್ತಿರಲಿಲ್ಲ. ಕಾರಿನಿಂದ ಇಳಿದ ಆ ಹೆಂಗಸು ಬ್ಯಾನರ್ ಓದಿ, ನಗುತ್ತಲೇ ನನ್ನನ್ನು ಒಂದು ಮಾತು ಕೇಳಿದರು.

“ಏನಂದ್ರು? ಚಲೋ ಐತಿ ಅಂದ್ರೇನ್ರಿ?” ಎಂದರು ಮ್ಯಾನೇಜರ್.

“ನಿಮ್ಮ ಗಿರಾಕಿಗಳೆಲ್ಲ ಚೀನಾದವರೇನು ಅಂತ ಕೇಳಾಕತ್ತಾರ.”

ಮ್ಯಾನೇಜರರ ಮುಖ ಇಳಿಯಿತು. “ಬ್ಯಾನರ್ ಮಾಡಿದವನ ತಪ್ಪು ಅಂತ ಹೇಳಿಬಿಡ್ರಿ,” ಎಂದು ಪಿಸುಗುಟ್ಟಿದರು.

ಆ ಸುಳ್ಳನ್ನು ನಾನು ಅನುವಾದಿಸಲಿಲ್ಲ. ಸರಿಯಾಗಿ ಬರೆದುಕೊಟ್ಟದ್ದನ್ನು ಬದಲಿಸಿದವರು ಇವರೇ ಎಂದು, ಮ್ಯಾನೇಜರರ ಪಕ್ಕದಲ್ಲೇ ನಿಂತು ಚೀನಿ ಭಾಷೆಯಲ್ಲಿ ಹೇಳಿದೆ.