ಬ್ಯಾಗಿನಲ್ಲಿದ್ದ ಸ್ಪ್ರಿಂಗ್

ರಸಾಯನಶಾಸ್ತ್ರದ ಲ್ಯಾಬ್ ಮೇಡಂಗೆ ವಿದ್ಯಾರ್ಥಿಗಳಿಟ್ಟ ಹೆಸರು ಸ್ಪ್ರಿಂಗಮ್ಮ. ಅಂದು ಒಬ್ಬ ಹುಡುಗಿ ಹೈಡ್ರೋಜನ್ ಕ್ಲೋರೈಡ್ ಅಣುವನ್ನು ಸ್ಪ್ರಿಂಗಿಗೆ ಕಟ್ಟಿದ ಎರಡು ಗುಂಡುಗಳೆಂದುಕೊಂಡು, ಅದು ಹೀರಿದ ಇನ್ಫ್ರಾರೆಡ್ ಬೆಳಕಿನ ತರಂಗಸಂಖ್ಯೆಯನ್ನೂ (ಸೆಂಟಿಮೀಟರಿಗೆ 2886) ಎರಡು ಪರಮಾಣುಗಳ ದ್ರವ್ಯರಾಶಿಗಳಿಂದ ಸಿಗುವ ರೆಡ್ಯೂಸ್ಡ್ ಮಾಸನ್ನೂ ಸೂತ್ರಕ್ಕೆ ಹಾಕಿ, ಬಂಧದ ಬಿಗಿಯನ್ನು ಲೆಕ್ಕ ಹಾಕಿದಳು.

"ಮೀಟರಿಗೆ 481 ನ್ಯೂಟನ್ ಬಂತು, ಮೇಡಂ. ಕಣ್ಣಿಗೆ ಕಾಣದ ಅಣುಗೆ ಇಷ್ಟೊಂದಾ? ಎಲ್ಲೋ ಎಡವಿದೀನಿ."

"ನಿನ್ನ ತಲೆ! ಲೆಕ್ಕ ಸರಿಯಾಗೇ ಇದೆ" ಎಂದು ಗದರಿದ ಮೇಡಂ, ಬ್ಯಾಗಿನಿಂದ ಸ್ಪ್ರಿಂಗ್ ತೆಗೆದು ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಕಿಲೋ ಬಟ್ಟು ತೂಗುಹಾಕಿದರು. ಅದು ಎರಡೇ ಸೆಂಟಿಮೀಟರ್ ಹಿಗ್ಗಿತು.

"ಒಂದು ಕಿಲೋ ಭಾರ ಅಂದ್ರೆ ಸುಮಾರು ಹತ್ತು ನ್ಯೂಟನ್; ಎರಡು ಸೆಂಟಿಮೀಟರಿಗೆ ಹತ್ತಾದ್ರೆ ಮೀಟರಿಗೆ ಐನೂರು. ಇದರ ಬಿಗೀನೂ ಹೆಚ್ಚುಕಮ್ಮಿ ಅಷ್ಟೇ. ಎಳೆದು ನೋಡು."

ಹುಡುಗಿ ಎಳೆದಳು. ಅಣುವೇ ಕೈಗೆ ಸಿಕ್ಕಂತಾಗಿ ಮತ್ತೆ ಮತ್ತೆ ಎಳೆದಳು. ವರ್ಷಾ ವರ್ಷಾ ಇದನ್ನೇ ತೋರಿಸುತ್ತ ಬಂದಿದ್ದ ಮೇಡಂ, ತಮ್ಮ ತೋಳಿನ ರೋಮ ನಿಮಿರಿದ್ದು ಯಾರಿಗೂ ಕಾಣದಿರಲೆಂದು ಬಿಳಿ ಕೋಟಿನ ಮಡಚಿದ ತೋಳನ್ನು ಕೆಳಗೆಳೆದುಕೊಂಡರು.