ಹಳದಿ ಸಾಲುಗಳು, ನಾನು ಬರೆದುಕೊಟ್ಟ ತಪ್ಪೊಪ್ಪಿಗೆ

ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತವನು ನಾನು. ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಹತ್ತಿರ ಅಂಗಡಿ ಇಟ್ಟು ಬೇರೆಯವರ ಪ್ರಬಂಧಗಳನ್ನು ಟೈಪ್ ಮಾಡುತ್ತಲೇ ಮುದುಕನಾದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಜೆರಾಕ್ಸ್ ಬಂತು, ಬೈಂಡಿಂಗ್ ಬಂತು. ಎರಡು ವರ್ಷದ ಹಿಂದೆ ಬಾಗಿಲಿನ ಮೇಲೆ ಇನ್ನೊಂದು ಬೋರ್ಡು ತೂಗುಹಾಕಿದ್ದೆ: ‘ಇಲ್ಲಿ ಎಐ ರಿಪೋರ್ಟ್ ತೆಗೆದುಕೊಡಲಾಗುವುದು’. ಬರಹ ಮನುಷ್ಯರದ್ದೋ ಯಂತ್ರದ್ದೋ ಎಂದು ನೋಡುವ ತಂತ್ರಾಂಶಕ್ಕೆ ಚಂದಾ ಕಟ್ಟಿದ್ದೆ. ಮಕ್ಕಳು ಪೆನ್‌ಡ್ರೈವ್ ತರುತ್ತಿದ್ದರು, ನಾನು ಫೈಲ್ ಹಾಕಿ ರಿಪೋರ್ಟ್ ತೆಗೆದುಕೊಡುತ್ತಿದ್ದೆ. ಅದರೊಳಗೆ ಏನು ಬರೆದಿದೆ ಎಂದು ಒಂದು ದಿನವೂ ಪೂರ್ತಿ ಓದಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಕಲರ್ ಪ್ರಿಂಟು ದುಬಾರಿ. ಆದ್ದರಿಂದ ಬಣ್ಣ ಇರುವ ಹಾಳೆಗಳನ್ನಷ್ಟೇ ಬೇರೆಮಾಡಿ ತೆಗೆಯುತ್ತೇವೆ. ರಿಪೋರ್ಟಿನಲ್ಲೂ ನಾನು ಹಾಗೇ ಮಾಡುತ್ತಿದ್ದೆ. ತಂತ್ರಾಂಶ ಕೆಲವು ಸಾಲುಗಳಿಗೆ ಹಳದಿ ಬಣ್ಣ ಬಳಿಯುತ್ತಿತ್ತು, ಅದು ಯಂತ್ರ ಬರೆದದ್ದರ ಗುರುತೆಂದು ನಾವೆಲ್ಲ ತಿಳಿದಿದ್ದೆವು. ಹಳದಿ ಬಿದ್ದ ಪುಟಗಳು ಮಾತ್ರ ಹೊರಗೆ ಬರುತ್ತಿದ್ದವು. ಬಣ್ಣವಿಲ್ಲದ ಪುಟಗಳು, ಬಣ್ಣವಿಲ್ಲದ ಮೊದಲ ಪುಟವೂ, ಕಂಪ್ಯೂಟರಿನಲ್ಲೇ ಉಳಿಯುತ್ತಿದ್ದವು. ಯಾರೂ ಕೇಳಲಿಲ್ಲ. ದುಡ್ಡು ಉಳಿಯಿತೆಂದು ಮಕ್ಕಳು ಖುಷಿಪಟ್ಟರು.

ಹಾಗೆ ರಿಪೋರ್ಟಿಗೆ ಬಂದ ಒಬ್ಬ ಹುಡುಗಿ ಆಹಾರ ಮತ್ತು ಪೋಷಣೆಯ ಎಂ.ಎಸ್ಸಿ. ಓದುತ್ತಿದ್ದಳು. ಹಿನಕಲ್‌ನ ಹಳೇ ಊರಿನ ಭಾಗದಲ್ಲಿ ಮನೆಮನೆಗೆ ಹೋಗಿ, ಬಿ.ಪಿ. ಇರುವ ಹೆಂಗಸರು ಅಡುಗೆಗೆ ಎಷ್ಟು ಉಪ್ಪು ಹಾಕುತ್ತಾರೆಂದು ಕೇಳಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಳು. ಪ್ರಬಂಧ ಒಪ್ಪಿಗೆಯಾದರೆ ಒಂದು ಆಸ್ಪತ್ರೆಯ ಅಡುಗೆ ವಿಭಾಗದಲ್ಲಿ ಕೆಲಸ ಕಾದಿತ್ತು. ಆ ಕೆಲಸದ ಮೇಲೆಯೇ ಅವಳ ಮನೆ ನಿಂತಿತ್ತು, ತಂದೆಗೆ ಆಗ ಡಯಾಲಿಸಿಸ್ ನಡೆಯುತ್ತಿತ್ತು. ನಾನು ರಿಪೋರ್ಟ್ ತೆಗೆದು, ಬಣ್ಣದ ಹಾಳೆಗಳಿಗೆ ಪಿನ್ ಹೊಡೆದು, ಅವಳ ಗೈಡ್ ಮೇಡಂಗೆ ಕಳಿಸಿದೆ. ಅವರು ಫೋನ್ ಮಾಡಿ, ಇದೇನ್ರೀ ಇಷ್ಟೊಂದು ಹಳದಿ, ಎಲ್ಲಾ ಹೀಗೇ ಇದೆಯಾ ಎಂದು ಕೇಳಿದರು. ಕೌಂಟರಿನ ಮುಂದೆ ನಾಲ್ಕು ಜನ ನಿಂತಿದ್ದರು. ಗೊತ್ತಿಲ್ಲ ಎನ್ನಲು ನನಗೆ ನಾಚಿಕೆಯಾಯಿತು. ಹೂಂ ಮೇಡಂ, ಹಂಗೇ ಇದೆ ಎಂದುಬಿಟ್ಟೆ.

ಮರುದಿನ ಆ ಹುಡುಗಿ ಬಂದಳು. ಶುಕ್ರವಾರ ವಿಭಾಗದ ಸಮಿತಿ ಸೇರುತ್ತದೆ, ಪ್ರಬಂಧ ರದ್ದು ಮಾಡುತ್ತಾರಂತೆ ಎಂದಳು. ಒಂದೊಂದು ಮನೆಗೂ ತಾನೇ ಹೋಗಿದ್ದು, ಒಂದೊಂದು ಸಾಲನ್ನೂ ತಾನೇ ಬರೆದದ್ದು ಎಂದು ಹೇಳುತ್ತಲೇ ಹೋದಳು. ನನಗೆ ಆವತ್ತು ಬೈಂಡಿಂಗ್ ಕೆಲಸ ರಾಶಿ ಬಿದ್ದಿತ್ತು.

“ಮಷಿನ್ನು ಯಾಕಮ್ಮ ಸುಳ್ಳು ಹೇಳುತ್ತೆ? ತಪ್ಪಾಯ್ತು ಅಂತ ಒಪ್ಕೊಂಡ್ಬುಡು. ಮತ್ತೆ ಬರ್ಕೊಂಡು ಬಾ ಅಂತ ಬಿಟ್ಬುಡ್ತಾರೆ,” ಎಂದೆ.

“ಮಾಡ್ದೇ ಇರೋದನ್ನ ಹೆಂಗೆ ತಾತ ಒಪ್ಕೊಳ್ಳೋದು?”

ಅರ್ಜಿ, ಮನವಿ, ಕ್ಷಮಾಪಣೆ ಪತ್ರ ಬರೆಯುವುದರಲ್ಲಿ ನನ್ನ ಕೈ ಪಳಗಿದ್ದು. ಅವಳು ಅಳುತ್ತಾ ನಿಂತಿದ್ದಂತೆಯೇ ನಾನು ಟೈಪ್ ಮಾಡಿದೆ. ‘ಸಮಯದ ಅಭಾವದಿಂದ ಯಂತ್ರದ ನೆರವು ಪಡೆದು ಬರೆದಿರುತ್ತೇನೆ, ದಯಮಾಡಿ ಕ್ಷಮಿಸಬೇಕಾಗಿ ಪ್ರಾರ್ಥನೆ.’ ಹಾಳೆ ಮುಂದಿಟ್ಟೆ, ಪೆನ್ನನ್ನೂ ನಾನೇ ಕೊಟ್ಟೆ. ಅವಳು ಬಹಳ ಹೊತ್ತು ನೋಡಿ ಸಹಿ ಹಾಕಿದಳು. ನನ್ನ ವಯಸ್ಸಿನವನು ಹೇಳಿದರೆ ಸರಿಯೇ ಇರಬೇಕೆಂದು ನಂಬಿ, ಪತ್ರವನ್ನು ಮೇಡಂಗೆ ಕೊಟ್ಟುಬಂದಳು.

ಗುರುವಾರ ಮಧ್ಯಾಹ್ನ ವಿಭಾಗದಿಂದ ಹೇಳಿಕಳಿಸಿದರು, ಸಮಿತಿಗೆ ಪೂರ್ತಿ ರಿಪೋರ್ಟ್ ಬೇಕಂತೆ. ಆಗ ಮೊದಲ ಸಲ ಮೊದಲ ಪುಟವನ್ನು ಓದಿದೆ. ಒಟ್ಟು ಬರಹ ಬಹುಮಟ್ಟಿಗೆ ಮನುಷ್ಯರು ಬರೆದದ್ದಿರಬಹುದು ಎಂದಿತ್ತು. ಅದೂ ಅಂದಾಜು, ಖಚಿತವಲ್ಲ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಬಣ್ಣ ಹಾಕಿದ ಸಾಲುಗಳು ಯಂತ್ರದ ಬರಹವನ್ನು ಹೋಲುವಂತೆ ತಂತ್ರಾಂಶಕ್ಕೆ ಕಂಡ ಸಾಲುಗಳಷ್ಟೇ. ಒಂದೊಂದೇ ಸಾಲಿನ ಬಗ್ಗೆ ಅದರ ಊಹೆ ಇನ್ನೂ ಹೆಚ್ಚು ತಪ್ಪಬಹುದು. ಅವುಗಳನ್ನು ನೋಡಿ ಇಡೀ ಬರಹದ ಬಗ್ಗೆ ತೀರ್ಮಾನ ಮಾಡಬಾರದು ಎಂದಿತ್ತು.

ಹಳದಿ ಸಾಲುಗಳನ್ನು ಒಂದೊಂದಾಗಿ ಓದಿದೆ. ‘ಮಾಹಿತಿಯನ್ನು ಪ್ರಶ್ನಾವಳಿಯ ಮೂಲಕ ಸಂಗ್ರಹಿಸಲಾಯಿತು’, ‘ಫಲಿತಾಂಶಗಳನ್ನು ಕೋಷ್ಟಕದಲ್ಲಿ ನೀಡಲಾಗಿದೆ’ ಎಂಬಂಥ ಇಂಗ್ಲಿಷ್ ಸಾಲುಗಳೇ ಹೆಚ್ಚು. ಮುಂದಿನ ಪದ ಯಾವುದೆಂದು ಯಾರು ಬೇಕಾದರೂ ಊಹಿಸಬಹುದಾದ ಸಾಲುಗಳು. ಎಲ್ಲರೂ ಹಾಗೆಯೇ ಬರೆಯುತ್ತಾರೆ, ಯಂತ್ರವೂ ಹಾಗೆಯೇ ಬರೆಯುತ್ತದೆ. ನಾನು ಕಳಿಸಿದ್ದ ಹಾಳೆಗಳಲ್ಲೂ ಬಣ್ಣವಿಲ್ಲದ ಸಾಲುಗಳೇ ಜಾಸ್ತಿ ಇದ್ದವು, ಕಣ್ಣು ಮಾತ್ರ ಹಳದಿಗೇ ಹೋಗಿತ್ತು. ಉಪ್ಪನ್ನು ಚಮಚದಲ್ಲಲ್ಲ, ಅಂಗೈಯ ಗುಳಿಯಲ್ಲಿ ಅಳೆದು ತೋರಿಸಿದ ಅಜ್ಜಿಯ ಬಗ್ಗೆ ಅವಳು ಬರೆದ ಪುಟಗಳು ಬಣ್ಣವಿಲ್ಲದ್ದರಿಂದ ಪ್ರಿಂಟೇ ಆಗಿರಲಿಲ್ಲ.

ಒಂದು ಅಧ್ಯಾಯವನ್ನು ಮಾತ್ರ ಬೇರೆಮಾಡಿ ತಂತ್ರಾಂಶಕ್ಕೆ ಮತ್ತೆ ಹಾಕಿದೆ. ಒಂದಕ್ಷರ ಬದಲಾಯಿಸಿರಲಿಲ್ಲ. ಮೊದಲು ಹಳದಿಯಾಗಿದ್ದ ಒಂದು ಸಾಲು ಬಿಳಿಯಾಯಿತು, ಬಿಳಿಯಾಗಿದ್ದ ಬೇರೊಂದು ಹಳದಿಯಾಯಿತು. ಅಕ್ಕಪಕ್ಕ ಏನಿದೆಯೋ ಅದರ ಮೇಲೆ ತಂತ್ರಾಂಶದ ಲೆಕ್ಕ ಬದಲಾಗುತ್ತದೆ ಎಂದು ಆಗ ತಿಳಿಯಿತು.

ವಿಭಾಗಕ್ಕೆ ಓಡುತ್ತಾ ಹೋದೆ. ಮೇಡಂ ಕೊಠಡಿಯಲ್ಲಿ ಒಬ್ಬರೇ ಇದ್ದರು. ಎಲ್ಲ ಪುಟಗಳನ್ನೂ ಮುಂದಿಟ್ಟೆ. ಅವರು ಮೊದಲ ಪುಟ ಓದಿದರು, ಹಾಳೆ ತಿರುವಿ ತಿರುವಿ ನೋಡಿದರು. ಅಷ್ಟೂ ಹೊತ್ತು ನಾನು ನಿಂತೇ ಇದ್ದೆ.

“ಅವತ್ತು ಕೇಳಿದಾಗ ಪೂರ್ತಿ ಹೀಗೇ ಇದೆ ಅಂದ್ರಲ್ರೀ ನೀವು.”

ತಪ್ಪಾಯಿತು ಎಂದೆ. ಪೂರ್ತಿ ತರಿಸಿ ನೋಡದೆ ಇದ್ದದ್ದು ತಮ್ಮ ತಪ್ಪೂ ಹೌದು ಎಂದು ಅವರು ಮೆಲ್ಲಗೆ ಒಪ್ಪಿಕೊಂಡರು. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು ಡ್ರಾಯರ್ ಎಳೆದು ಆ ಪತ್ರ ತೆಗೆದರು.

“ಹಳದಿ ಸಾಲು ಯಾವುದನ್ನೂ ಸಾಬೀತು ಮಾಡಲ್ಲ, ಸರಿ. ಇದನ್ನ ಏನು ಮಾಡ್ಲಿ? ಯಂತ್ರದಿಂದ ಬರೆಸಿದೆ ಅಂತ ಅವಳೇ ಸಹಿ ಹಾಕಿದಾಳೆ.”

ರಿಪೋರ್ಟಿಗೆ ಸಾಧ್ಯವಾಗದ್ದನ್ನು ನಾನು ಮಾಡಿದ್ದೆ. ಆ ಪ್ರಬಂಧವೆಲ್ಲ ಅವಳದ್ದೇ. ಈ ಅರ್ಧ ಪುಟ ಮಾತ್ರ ಅವಳು ಬರೆದದ್ದಲ್ಲ, ಮತ್ತು ಅವಳ ಮೇಲೆ ಉಳಿದಿದ್ದ ಸಾಕ್ಷಿ ಅದೊಂದೇ.

ಶುಕ್ರವಾರ ಸಮಿತಿಯ ಮುಂದೆ ನಿಂತು ಹೇಳಿದೆ. ಈ ಪತ್ರದ ಒಂದೊಂದು ಮಾತೂ ನನ್ನದು, ಒತ್ತಾಯಿಸಿ ಸಹಿ ಹಾಕಿಸಿದವನು ನಾನು ಎಂದೆ. ಅವರಲ್ಲಿ ಒಬ್ಬರು, ಓದಿದ ಹುಡುಗಿ ಓದದೇ ಸಹಿ ಹಾಕಿದಳೇ ಎಂದು ನಕ್ಕರು. ಅವಳು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು, ತಲೆಯೆತ್ತಲಿಲ್ಲ. ಕೊನೆಗೆ ರಿಪೋರ್ಟನ್ನೂ ಪತ್ರವನ್ನೂ ಪಕ್ಕಕ್ಕಿಟ್ಟು, ಹೊರಗಿನ ಪರೀಕ್ಷಕರನ್ನು ಕರೆಸಿ ಮೌಖಿಕ ಪರೀಕ್ಷೆ ಮಾಡೋಣ ಎಂದು ತೀರ್ಮಾನಿಸಿದರು. ಪರೀಕ್ಷಕರು ಸಿಗಲು ಮಳೆಗಾಲವೇ ಕಳೆಯಿತು. ಪ್ರಬಂಧ ಒಪ್ಪಿಗೆಯಾಯಿತೆಂದು ಮೇಡಂ ಅವರೇ ಫೋನಿನಲ್ಲಿ ತಿಳಿಸಿದರು. ಆಸ್ಪತ್ರೆಯವರು ಅಷ್ಟು ದಿನ ಕಾಯದೆ ಆ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡರು ಎಂಬುದನ್ನೂ ಅವರೇ ಹೇಳಿದರು.

ಸಮಿತಿ ಸೇರಿದ್ದ ಆ ದಿನ ಹೊರಗೆ ಮೆಟ್ಟಿಲ ಹತ್ತಿರ ನಾನು ಅವಳಿಗೆ ಕೈಮುಗಿದಿದ್ದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೀವು ಟೈಪ್ ಮಾಡ್ತಿದ್ದಾಗ, ನಾನೇ ಎಲ್ಲೋ ಮಾಡಿರಬೇಕೇನೋ ಅಂತ ನನಗೇ ಅನ್ನಿಸಿಬಿಡ್ತು ತಾತ,” ಎಂದು ಹೇಳಿ ಬಸ್ ಸ್ಟಾಪಿನ ಕಡೆ ನಡೆದಳು.

ಬೋರ್ಡು ಇಳಿಸಿದ್ದೇನೆ. ಅದರಿಂದ ಅವಳಿಗೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು.