ಪಾಯಿಂಟ್ ಎಪ್ಪತ್ತೈದು

ಗಾರ್ಮೆಂಟ್ಸ್ ಕಾರ್ಖಾನೆಯ ಟೈಮ್ ಆಫೀಸಿಗೆ ಸೇರಿದಾಗ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸರಸ್ವತಿಪುರಂನಿಂದ ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವಾಗಲೆಲ್ಲ ಅದೊಂದೇ ಚಿಂತೆ. ನನಗೆ ಕೆಲಸ ಕಲಿಸಿದವರು ಅಲ್ಲಿನ ಹಿರಿಯ ಟೈಮ್ ಕೀಪರ್. ನನ್ನನ್ನು ತಾಯಿ ಎಂದೇ ಕರೆಯುತ್ತಿದ್ದರು. ತಮ್ಮ ಡಬ್ಬಿಯ ಮೊಸರನ್ನದಲ್ಲಿ ನನಗೂ ಪಾಲಿಡುತ್ತಿದ್ದರು.

ಅವರು ಕಾಲವೆಲ್ಲ ಹಾಜರಿ ಕಾರ್ಡು ನೋಡಿ, ಗಂಟೆ ನಿಮಿಷ ಕೂಡಿಸಿದವರು. ನಾನು ಬರುವ ಸ್ವಲ್ಪ ಮುಂಚೆ ಹಾಜರಿಗೆ ಹೊಸ ಯಂತ್ರ ಬಂದಿತ್ತು. ಅದರಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಪಟ್ಟಿಯಲ್ಲಿ ಓವರ್‌ಟೈಮ್ 1.50, 2.75 ಎಂದಿರುತ್ತಿತ್ತು. ಸಂಬಳದ ಹಾಳೆಗೆ ಗಂಟೆ, ನಿಮಿಷವೇ ಬೇಕು. ಅವರು 1.50 ಅನ್ನು ಒಂದು ಗಂಟೆ ಐವತ್ತು ನಿಮಿಷ ಎಂದು ಬರೆಯುತ್ತಿದ್ದರು. 2.75 ಕಂಡರೆ ಎಪ್ಪತ್ತೈದರಲ್ಲಿ ಅರವತ್ತು ಕಳೆದು, ಮೂರು ಗಂಟೆ ಹದಿನೈದು ನಿಮಿಷ ಮಾಡುತ್ತಿದ್ದರು. ಎಲ್ಲರಿಗೂ ಜಾಸ್ತಿಯೇ ಬರುತ್ತಿದ್ದುದರಿಂದ ಒಬ್ಬರೂ ತುಟಿಪಿಟಿಕ್ಕೆನ್ನಲಿಲ್ಲ.

ಒಂದು ಸಂಜೆ ನಾನು ಸರಿಯಾಗಿ ಒಂದೂವರೆ ಗಂಟೆ ಹೆಚ್ಚಿಗೆ ಕೂತಿದ್ದೆ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 1.50 ಇತ್ತು. ಆಗ ಹೊಳೆಯಿತು. ಪಾಯಿಂಟ್ ಆದಮೇಲಿನದು ನಿಮಿಷವಲ್ಲ, ಗಂಟೆಯ ನೂರರಲ್ಲಿ ಇಷ್ಟು ಭಾಗ. ಅದನ್ನು ಅರವತ್ತರಿಂದ ಗುಣಿಸಿ ನೂರರಿಂದ ಭಾಗಿಸಬೇಕು. ಪಾಯಿಂಟ್ ಎಪ್ಪತ್ತೈದು ಅಂದರೆ ನಲವತ್ತೈದೇ ನಿಮಿಷ.

ಮರುದಿನ ಮಧ್ಯಾಹ್ನ ಅವರು ಎದುರಿಗೇ ಕೂತು ಊಟ ಮಾಡುತ್ತಿದ್ದರು. ಹೇಳಲು ಒಂದು ನಿಮಿಷ ಸಾಕಿತ್ತು. ನಾನು ಹೇಳಲಿಲ್ಲ. ಅವರ ಮೊಸರನ್ನ ಉಂಡು, ಕೈ ತೊಳೆದು, ಹಾಳೆಗಳನ್ನು ಹಿಡಿದು ನೇರ ಮ್ಯಾನೇಜರ್ ಕೋಣೆಗೆ ಹೋದೆ. ಕಂಪನಿಯ ಹಿತಕ್ಕೆ ಹೋದೆನೆಂದು ಆಗ ನನಗೆ ನಾನೇ ಬೂಸಿ ಬಿಟ್ಟುಕೊಂಡೆ. ಹೋಗಿದ್ದು ಶಭಾಷ್‌ಗಿರಿಗೆ.

ಶಭಾಷ್‌ಗಿರಿ ಸಿಕ್ಕಿತು. ಮ್ಯಾನೇಜರ್ ಆ ಹಿರಿಯರನ್ನು ಕರೆಸಿ, ನನ್ನ ಎದುರಿಗೇ ನಿಲ್ಲಿಸಿಕೊಂಡು ಕೇಳಿದರು. ಅವರು ಹಾಳೆಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಹೆಚ್ಚಿಗೆ ಹೋದದ್ದನ್ನು ಹೊಲಿಯುವ ಹೆಂಗಸರ ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಂಡರು. ಅವರೆಲ್ಲ ಶಾಪ ಹಾಕಿದ್ದು ಆ ಹಿರಿಯರಿಗೆ, ನನಗಲ್ಲ. ಅವರನ್ನು ಗೇಟಿಗೆ ಹಾಕಿದರು, ಬಂದುಹೋಗುವವರ ಹೆಸರು ಬರೆಸಿಕೊಳ್ಳಲು. ನಾನು ಕಾಯಂ ಆದೆ.

ದಿನಾ ಗೇಟಿನಲ್ಲಿ ಅವರನ್ನು ದಾಟಿಯೇ ಒಳಗೆ ಹೋಗಬೇಕು. ನಾನು ಬ್ಯಾಗಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಅವರೇ ಕರೆದು ನಿಲ್ಲಿಸಿದರು.

"ಯಾಕ್ ತಾಯಿ ಇಂಗೆ ಕಳ್ಳಿ ತರ ಓಡ್ತೀಯ? ನಿನ್ ಲೆಕ್ಕ ಸರಿಯಾಗೇ ಇತ್ತು ಕಣಮ್ಮ, ತಪ್ಪು ನಂದೇ. ಒಂದ್ ಮಾತು ನಂಗೆ ಮೊದ್ಲು ಹೇಳ್ಬುಟ್ಟಿದ್ರೆ, ನಾನೇ ಹೋಗಿ ಒಪ್ಕೊಂಡ್ಬುಡ್ತಿದ್ದೆ."

ನಾನು ಬ್ಯಾಗಿನೊಳಗಿಂದ ಕೈ ತೆಗೆದೆ. ಹಿಂದೆ ಜನ ಕಾಯುತ್ತಿದ್ದರು. ಹಿರಿಯರು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.